ಮೈಟಾಸಿಸ್ ಮತ್ತು ಮಿಯಾಸಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಕಡೆಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನ್ನನ್ನು ಪ್ರಥಮ ಪಿಯುಸಿ ಮಕ್ಕಳು ಪ್ರತಿ ವರ್ಷ ಕೇಳುವ ಪ್ರಶ್ನೆಗಳಿವು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಕೋಶ ವಿಭಜನೆಯ ಈ ಅಧ್ಯಾಯ ಹೆಸರುಗಳ ಕಾಡಿನಂತೆ ಕಾಣುತ್ತದೆ. ಹೆಸರುಗಳನ್ನು ಪರೀಕ್ಷೆಯಲ್ಲಿ ಹೇಗೆ ಕೇಳುತ್ತಾರೋ ಹಾಗೆಯೇ ಬಳಸಿದ್ದೇನೆ. ಉದಾಹರಣೆಗೆ ಮಾತ್ರ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಗಿಡ, ಈರುಳ್ಳಿ.

ಎರಡರ ನಡುವಿನ ವ್ಯತ್ಯಾಸವನ್ನು ಒಂದೇ ಮಾತಿನಲ್ಲಿ ಹೇಳಬಹುದೇ?

ಹೇಳಬಹುದು. ಅನಾಫೇಸ್ ಹಂತದಲ್ಲಿ ಯಾರು ಯಾರಿಂದ ಅಗಲುತ್ತಾರೆ ಎಂಬುದೇ ವ್ಯತ್ಯಾಸ. ಮೈಟಾಸಿಸ್‌ನಲ್ಲಿ ಒಂದು ಕ್ರೋಮೋಸೋಮಿನ ಎರಡು ನಕಲುಗಳು ಅಗಲುತ್ತವೆ. ಮಿಯಾಸಿಸ್‌ನ ಮೊದಲ ಸುತ್ತಿನಲ್ಲಿ ಜೋಡಿ ಕ್ರೋಮೋಸೋಮ್‌ಗಳು ಅಗಲುತ್ತವೆ, ನಕಲುಗಳು ಅಗಲುವುದಿಲ್ಲ. ಎರಡನೇ ಸುತ್ತಿನಲ್ಲಿ ನಕಲುಗಳು ಅಗಲುತ್ತವೆ.

ಗೈಡುಗಳಲ್ಲಿ ಹತ್ತು ಹನ್ನೆರಡು ಸಾಲಿನ ವ್ಯತ್ಯಾಸದ ಪಟ್ಟಿ ಇರುತ್ತದೆ: ಎರಡು ಕೋಶ, ನಾಲ್ಕು ಕೋಶ, ಸಂಖ್ಯೆ ಅಷ್ಟೇ, ಸಂಖ್ಯೆ ಅರ್ಧ, ದೇಹಕೋಶ, ಲಿಂಗಕೋಶ. ಅವೆಲ್ಲ ಸರಿಯೇ. ಆದರೆ ಅವುಗಳಲ್ಲಿ ಹೆಚ್ಚಿನವು ಮೇಲೆ ಹೇಳಿದ ಒಂದೇ ಸಂಗತಿಯಿಂದ ಹುಟ್ಟುವ ಫಲಗಳು. ಪಟ್ಟಿಯನ್ನು ಉರು ಹೊಡೆದವರು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ತಡವರಿಸುತ್ತಾರೆ.

ನಕಲು, ಜೋಡಿ ಎಂದರೆ ಏನು? ಎರಡೂ ಒಂದೇ ಅಲ್ಲವೇ?

ಅಲ್ಲ. ಈ ಅಧ್ಯಾಯದ ಗೊಂದಲಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಶುರುವಾಗುತ್ತದೆ.

ಒಂದೇ ಅಡುಗೆ ಪುಸ್ತಕದ ಎರಡು ಮುದ್ರಣಗಳು ನಿಮ್ಮ ಮನೆಯಲ್ಲಿವೆ ಎನ್ನಿ. ಒಂದು ತಾಯಿಯ ಕಡೆಯಿಂದ ಬಂದದ್ದು, ಇನ್ನೊಂದು ತಂದೆಯ ಕಡೆಯಿಂದ. ಅಧ್ಯಾಯಗಳು ಅವೇ, ಕ್ರಮವೂ ಅದೇ, ಆದರೆ ಒಂದರಲ್ಲಿ ಸಾರಿಗೆ ಹುಣಸೆಹಣ್ಣು ಎಂದಿದ್ದರೆ ಇನ್ನೊಂದರಲ್ಲಿ ಟೊಮೆಟೊ ಎಂದಿದೆ. ಇವು ಸಮರೂಪಿ ಕ್ರೋಮೋಸೋಮ್‌ಗಳ ಜೋಡಿ. ಈಗ ತಾಯಿಯ ಕಡೆಯ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ, ಮೂಲಕ್ಕೇ ಸೇರಿಸಿ ಹೊಲಿದರೆ, ಆ ಎರಡು ಪ್ರತಿಗಳು ಸಹೋದರಿ ಕ್ರೊಮ್ಯಾಟಿಡ್‌ಗಳು. ಅಕ್ಷರ ಅಕ್ಷರವೂ ಒಂದೇ. ನಾನು ನಕಲು ಎನ್ನುವುದು ಇವನ್ನು.

ಎರಡು ಕ್ರೊಮ್ಯಾಟಿಡ್‌ಗಳು ಬಿಗಿಯಾಗಿ ಸೇರಿರುವ ಜಾಗ ಸೆಂಟ್ರೋಮಿಯರ್. ಎಣಿಕೆಯ ನಿಯಮವೂ ಇದರಿಂದಲೇ ಬರುತ್ತದೆ. ಎಷ್ಟು ಸೆಂಟ್ರೋಮಿಯರ್ ಪ್ರತ್ಯೇಕವಾಗಿವೆಯೋ ಅಷ್ಟು ಕ್ರೋಮೋಸೋಮ್. ಎರಡು ಕ್ರೊಮ್ಯಾಟಿಡ್ ಹೊತ್ತು ಇಂಗ್ಲಿಷಿನ X ಆಕಾರದಲ್ಲಿ ನಿಂತರೂ ಅದು ಒಂದೇ ಕ್ರೋಮೋಸೋಮ್.

ಈರುಳ್ಳಿಯನ್ನೇ ಏಕೆ ಹಿಡಿದುಕೊಂಡಿದ್ದೀರಿ?

ಅದರ ಕ್ರೋಮೋಸೋಮ್‌ಗಳು ದೊಡ್ಡವು, ಸಂಖ್ಯೆ ಕಡಿಮೆ: ದೇಹಕೋಶದಲ್ಲಿ 16, ಅಂದರೆ 8 ಜೋಡಿ. ಎರಡು ಬಗೆಯ ವಿಭಜನೆಯೂ ಒಂದೇ ಗಿಡದಲ್ಲಿ ಸಿಗುತ್ತದೆ. ಬೇರಿನ ತುದಿಯಲ್ಲಿ ಮೈಟಾಸಿಸ್, ಹೂವಿನ ಮೊಗ್ಗಿನೊಳಗಿನ ಪರಾಗಕೋಶದಲ್ಲಿ ಮಿಯಾಸಿಸ್. ಚಿಕ್ಕಬಳ್ಳಾಪುರ, ಕೋಲಾರದ ಹೊಲಗಳಲ್ಲಿ ಬೆಳೆಯುವ ಚಿಕ್ಕ ಕೆಂಪು ಬೆಂಗಳೂರು ರೋಸ್ ಈರುಳ್ಳಿಗೂ ಇದೇ ಲೆಕ್ಕ. ಬಿತ್ತನೆ ಬೀಜಕ್ಕೆಂದು ಬಿಟ್ಟ ಸಾಲಿನಲ್ಲಿ ಹೂಗೊಂಚಲು ಬಂದಾಗ ರೈತರನ್ನು ಕೇಳಿದರೆ ಒಂದೆರಡು ಗೊಂಚಲು ಕೊಡುತ್ತಾರೆ.

ಮೈಟಾಸಿಸ್‌ನ ನಾಲ್ಕು ಹಂತಗಳನ್ನು ನೆನಪಿಡುವುದು ಹೇಗೆ?

ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೋಫೇಸ್. ಇವುಗಳ ಮೊದಲ ಉಲಿಗೆ ಹೊಂದುವ ನಾಲ್ಕು ಕನ್ನಡ ಪದಗಳನ್ನು ನಾನು ಹಲಗೆಯ ಮೇಲೆ ಬರೆಸುತ್ತೇನೆ: ಪ್ರಕಟ, ಮಧ್ಯ, ಅಗಲಿಕೆ, ತೆರೆ. ಹೆಸರಿನ ಕ್ರಮ ಮಾತ್ರವಲ್ಲ, ಆ ಹಂತದಲ್ಲಿ ನಡೆಯುವ ಕೆಲಸವೂ ಪದದೊಳಗೇ ಇದೆ.

ಪ್ರೊಫೇಸ್‌ನಲ್ಲಿ ಕ್ರೋಮೋಸೋಮ್‌ಗಳು ಪ್ರಕಟವಾಗುತ್ತವೆ. ಅಲ್ಲಿಯವರೆಗೆ ಬಿಡಿಸಿ ಹರಡಿದ್ದ ಎಳೆಗಳು ಸುತ್ತಿಕೊಂಡು ದಪ್ಪವಾಗಿ ಬಣ್ಣ ಹಿಡಿಯುತ್ತವೆ. ಕೋಶಕೇಂದ್ರದ ಪೊರೆ ಕರಗತೊಡಗುತ್ತದೆ. ಮೆಟಾಫೇಸ್‌ನಲ್ಲಿ ಎಲ್ಲವೂ ಕೋಶದ ಮಧ್ಯಕ್ಕೆ ಬಂದು ನಿಲ್ಲುತ್ತವೆ. ಪ್ರತಿ ಕ್ರೋಮೋಸೋಮಿನ ಸೆಂಟ್ರೋಮಿಯರ್‌ಗೆ ಎರಡೂ ಧ್ರುವಗಳಿಂದ ಸ್ಪಿಂಡಲ್ ಎಳೆಗಳು ಅಂಟಿಕೊಂಡಿರುತ್ತವೆ. ಅನಾಫೇಸ್‌ನಲ್ಲಿ ನಕಲುಗಳ ಅಗಲಿಕೆ. ಟೆಲೋಫೇಸ್‌ನಲ್ಲಿ ಎರಡೂ ಗುಂಪುಗಳ ಸುತ್ತ ಹೊಸ ಪೊರೆ ಎದ್ದು ತೆರೆ ಬೀಳುತ್ತದೆ, ಕ್ರೋಮೋಸೋಮ್‌ಗಳು ಮತ್ತೆ ಬಿಡಿಸಿಕೊಂಡು ಕಣ್ಣಿಗೆ ಮರೆಯಾಗುತ್ತವೆ. ಈರುಳ್ಳಿ ಕೋಶದ ನಡುವೆ ಹೊಸ ಕೋಶಭಿತ್ತಿಯೂ ಕಟ್ಟಿಕೊಳ್ಳುತ್ತದೆ.

ಈ ನಾಲ್ಕಕ್ಕೂ ಮುಂಚೆ ಇಂಟರ್‌ಫೇಸ್ ಇದೆ ಎಂಬುದನ್ನು ಮರೆಯಬಾರದು. ಡಿಎನ್ಎ ನಕಲಾಗುವುದು ಅಲ್ಲಿ, ಅದರ ಎಸ್ ಹಂತದಲ್ಲಿ. ಪ್ರೊಫೇಸ್‌ನಲ್ಲಿ ಡಿಎನ್ಎ ದುಪ್ಪಟ್ಟಾಗುತ್ತದೆ ಎಂದು ಬರೆದ ಉತ್ತರಗಳು ನನಗೆ ಪ್ರತಿ ಕಿರುಪರೀಕ್ಷೆಯಲ್ಲೂ ಸಿಗುತ್ತವೆ. ಪ್ರಕಟವಾಗುವುದು ಬೇರೆ, ನಕಲಾಗುವುದು ಬೇರೆ. ಕ್ರೋಮೋಸೋಮ್ ಕಣ್ಣಿಗೆ ಬೀಳುವ ಹೊತ್ತಿಗೆ ಅದರ ನಕಲು ಆಗಲೇ ಸಿದ್ಧವಾಗಿರುತ್ತದೆ.

ಅನಾಫೇಸ್‌ನಲ್ಲಿ 16 ಹೇಗೆ 32 ಆಗುತ್ತದೆ? ಎಲ್ಲಿಂದ ಬಂತು?

ಹೊಸದಾಗಿ ಏನೂ ಬರಲಿಲ್ಲ, ಎಣಿಸುವ ಘಟಕ ಬದಲಾಯಿತು. ಬೇರಿನ ಕೋಶವೊಂದನ್ನು ಹಿಂಬಾಲಿಸೋಣ. ಎಸ್ ಹಂತಕ್ಕೆ ಮುಂಚೆ 16 ಕ್ರೋಮೋಸೋಮ್, ಪ್ರತಿಯೊಂದಕ್ಕೂ ಒಂದೇ ಕ್ರೊಮ್ಯಾಟಿಡ್. ಎಸ್ ಹಂತದ ನಂತರವೂ 16 ಕ್ರೋಮೋಸೋಮ್, ಆದರೆ ಕ್ರೊಮ್ಯಾಟಿಡ್ 32, ಡಿಎನ್ಎ ದುಪ್ಪಟ್ಟು. ಪ್ರೊಫೇಸ್, ಮೆಟಾಫೇಸ್‌ಗಳಲ್ಲಿ ಇದೇ ಸ್ಥಿತಿ. ಅನಾಫೇಸ್ ಶುರುವಾದ ಕ್ಷಣ ನಕಲುಗಳು ಬಿಡಿಯಾಗುತ್ತವೆ, ಪ್ರತಿ ನಕಲಿಗೂ ಸ್ವಂತ ಸೆಂಟ್ರೋಮಿಯರ್ ಸಿಗುತ್ತದೆ. ನಮ್ಮ ನಿಯಮದಂತೆ ಈಗ ಎಣಿಸಿದರೆ 32 ಕ್ರೋಮೋಸೋಮ್. 16 ಒಂದು ಧ್ರುವಕ್ಕೆ, 16 ಇನ್ನೊಂದಕ್ಕೆ. ಡಿಎನ್ಎ ಪ್ರಮಾಣ ಮಾತ್ರ ಆ ಕ್ಷಣದಲ್ಲಿ ಬದಲಾಗಿರುವುದಿಲ್ಲ. ಕೋಶ ಎರಡಾದಾಗ ಅದು ಹಂಚಿಹೋಗುತ್ತದೆ.

ಹೀಗೆ ಹುಟ್ಟಿದ ಎರಡು ಕೋಶಗಳಲ್ಲೂ ತಾಯಿಯ ಕಡೆಯ 8, ತಂದೆಯ ಕಡೆಯ 8 ಇರುತ್ತವೆ. ಮೈಟಾಸಿಸ್‌ನಲ್ಲಿ ಸಮರೂಪಿ ಜೋಡಿಗಳು ಪರಸ್ಪರ ಪರಿಚಯವೇ ಇಲ್ಲದಂತೆ ಬೇರೆ ಬೇರೆಯಾಗಿ ನಿಂತು, ಬೇರೆ ಬೇರೆಯಾಗಿ ಸೀಳಿಕೊಳ್ಳುತ್ತವೆ. ಈ ಅಪರಿಚಿತತೆಯನ್ನು ಗಮನದಲ್ಲಿಡಿ, ಮಿಯಾಸಿಸ್‌ನಲ್ಲಿ ಬದಲಾಗುವುದು ಅದೇ.

ಮಿಯಾಸಿಸ್‌ಗೂ ಅದೇ ನಾಲ್ಕು ಪದಗಳು ಸಾಕೇ?

ಸಾಕು, ಎರಡು ಸಲ ಹೇಳಬೇಕು ಅಷ್ಟೇ. ಆದರೆ ಪ್ರತಿ ಸಲವೂ ಎರಡು ಪ್ರಶ್ನೆ ಸೇರಿಸಿಕೊಳ್ಳಬೇಕು: ಮಧ್ಯದಲ್ಲಿ ಯಾರು? ಅಗಲಿಕೆ ಯಾರದು?

ಪರಾಗ ಮಾತೃಕೋಶದಲ್ಲಿಯೂ ಆರಂಭಕ್ಕೆ 16 ಕ್ರೋಮೋಸೋಮ್, 32 ಕ್ರೊಮ್ಯಾಟಿಡ್. ಬೇರಿನ ಕೋಶಕ್ಕಿಂತ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಮೊದಲ ಸುತ್ತಿನ ಮೆಟಾಫೇಸ್‌ನಲ್ಲಿ ಮಧ್ಯಕ್ಕೆ ಬರುವುದು 16 ಒಂಟಿಗಳಲ್ಲ, 8 ಜೋಡಿಗಳು. ಇವುಗಳಿಗೆ ಬೈವೇಲೆಂಟ್ ಎಂದು ಹೆಸರು. ಅಗಲಿಕೆ ಜೋಡಿಗಳದು: 8 ಆ ಕಡೆಗೆ, 8 ಈ ಕಡೆಗೆ. ಪ್ರತಿ ಕ್ರೋಮೋಸೋಮ್ ತನ್ನ ಎರಡೂ ಕ್ರೊಮ್ಯಾಟಿಡ್‌ಗಳನ್ನು ಜೊತೆಗೇ ಕರೆದೊಯ್ಯುತ್ತದೆ. ಆದ್ದರಿಂದ ಇಲ್ಲಿ ಅನಾಫೇಸ್‌ನಲ್ಲಿ 32 ಎಂಬ ಎಣಿಕೆ ಬರುವುದೇ ಇಲ್ಲ, ಕೋಶದೊಳಗೆ ಒಟ್ಟು 16 ಆಗಿಯೇ ಉಳಿಯುತ್ತದೆ. ತೆರೆ ಬಿದ್ದಾಗ ಎರಡು ಕೋಶ, ತಲಾ 8 ಕ್ರೋಮೋಸೋಮ್, ತಲಾ 16 ಕ್ರೊಮ್ಯಾಟಿಡ್. ಸಂಖ್ಯೆ ಅರ್ಧವಾದದ್ದು ಇಲ್ಲಿಯೇ. ಎರಡನೇ ಸುತ್ತಿನಲ್ಲಿ ಅರ್ಧವಾಗುತ್ತದೆ ಎಂದು ಬರೆಯಬೇಡಿ.

ಎರಡನೇ ಸುತ್ತಿಗೆ ಮುಂಚೆ ಡಿಎನ್ಎ ಮತ್ತೆ ನಕಲಾಗುವುದಿಲ್ಲ. ಮಧ್ಯದಲ್ಲಿ 8 ಒಂಟಿಗಳು ನಿಲ್ಲುತ್ತವೆ, ನಕಲುಗಳು ಅಗಲುತ್ತವೆ, ಕೊನೆಗೆ ನಾಲ್ಕು ಕೋಶ, ತಲಾ 8 ಕ್ರೋಮೋಸೋಮ್, ತಲಾ ಒಂದೇ ಕ್ರೊಮ್ಯಾಟಿಡ್.

ಹಾಗಾದರೆ ಎರಡನೇ ಸುತ್ತು ಎಂದರೆ ಮೈಟಾಸಿಸ್‌ ತಾನೇ?

ನಡೆಯುವ ರೀತಿ ಅದೇ, ಫಲಿತಾಂಶ ಅದಲ್ಲ. ಮೈಟಾಸಿಸ್‌ನಲ್ಲಿ ಅಗಲುವ ನಕಲುಗಳು ಒಂದೇ ಅಚ್ಚಿನವು. ಮಿಯಾಸಿಸ್‌ನ ಎರಡನೇ ಸುತ್ತಿಗೆ ಬರುವ ಹೊತ್ತಿಗೆ ಅವು ಮೊದಲ ಸುತ್ತಿನ ಪ್ರೊಫೇಸ್‌ನಲ್ಲಿ ಜೋಡಿಯ ಜೊತೆ ತುಂಡುಗಳನ್ನು ಬದಲಾಯಿಸಿಕೊಂಡಿರುತ್ತವೆ. ಹಾಗಾಗಿ ಸಹೋದರಿಯರೂ ಈಗ ಪೂರ್ತಿ ಒಂದೇ ಆಗಿ ಉಳಿದಿರುವುದಿಲ್ಲ.

ಪ್ರೊಫೇಸ್ 1ರ ಐದು ಉಪಹಂತಗಳು ನೆನಪಿನಲ್ಲಿ ನಿಲ್ಲುವುದೇ ಇಲ್ಲ. ಏನು ಮಾಡಲಿ?

ಲೆಪ್ಟೊಟೀನ್, ಝೈಗೊಟೀನ್, ಪ್ಯಾಕಿಟೀನ್, ಡಿಪ್ಲೊಟೀನ್, ಡಯಾಕೈನೆಸಿಸ್. ಇವಕ್ಕೆ ಐದು ಪದ: ಎಳೆ, ಜೋಡಿ, ಪಾಲು, ದೂರ, ದಡ. ಉಲಿಯ ಹೋಲಿಕೆ ಸ್ವಲ್ಪ ಎಳೆದು ತಂದದ್ದೇ, ಒಪ್ಪುತ್ತೇನೆ. ಆದರೂ ಮಕ್ಕಳು ಮರೆಯುವುದಿಲ್ಲ.

ಲೆಪ್ಟೊಟೀನ್‌ನಲ್ಲಿ ಕ್ರೋಮೋಸೋಮ್‌ಗಳು ಸಣ್ಣ ಎಳೆಗಳಾಗಿ ಕಾಣಿಸಿಕೊಳ್ಳುತ್ತವೆ. ಝೈಗೊಟೀನ್‌ನಲ್ಲಿ ಪ್ರತಿಯೊಂದೂ ತನ್ನ ಸಮರೂಪಿಯನ್ನು ಹುಡುಕಿ ಉದ್ದಕ್ಕೂ ಅಂಟಿಕೊಂಡು ಜೋಡಿಯಾಗುತ್ತದೆ. ಅವುಗಳ ನಡುವೆ ಪ್ರೋಟೀನಿನ ಒಂದು ಚೌಕಟ್ಟು ಕಟ್ಟಿಕೊಳ್ಳುತ್ತದೆ, ಅದು ಸಿನಾಪ್ಟೋನೀಮಲ್ ಕಾಂಪ್ಲೆಕ್ಸ್. ಪ್ಯಾಕಿಟೀನ್‌ನಲ್ಲಿ ಪಾಲಿನ ವಿನಿಮಯ: ತಾಯಿಯ ಕಡೆಯ ಒಂದು ಕ್ರೊಮ್ಯಾಟಿಡ್ ಮತ್ತು ತಂದೆಯ ಕಡೆಯ ಒಂದು ಕ್ರೊಮ್ಯಾಟಿಡ್ ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಕ್ರಾಸಿಂಗ್ ಓವರ್ ಎಂದರೆ ಇದೇ. ಡಿಪ್ಲೊಟೀನ್‌ನಲ್ಲಿ ಚೌಕಟ್ಟು ಕಳಚಿ ಜೋಡಿಗಳು ಪರಸ್ಪರ ದೂರ ಸರಿಯುತ್ತವೆ, ಆದರೆ ವಿನಿಮಯ ನಡೆದ ಜಾಗಗಳಲ್ಲಿ ಅಡ್ಡ ಸಿಕ್ಕಿಕೊಂಡಂತೆ ಉಳಿಯುತ್ತವೆ. ಆ ಗಂಟುಗಳೇ ಕಯಾಸ್ಮಗಳು. ಡಯಾಕೈನೆಸಿಸ್‌ನಲ್ಲಿ ಕ್ರೋಮೋಸೋಮ್‌ಗಳು ಗಿಡ್ಡವಾಗಿ ದಪ್ಪವಾಗುತ್ತವೆ, ಕಯಾಸ್ಮಗಳು ದಡಕ್ಕೆ, ಅಂದರೆ ತುದಿಗಳ ಕಡೆಗೆ, ಸರಿದಂತೆ ಕಾಣುತ್ತವೆ. ಇಲ್ಲಿಗೆ ಪೊರೆಯೂ ಕರಗಿ ಮೆಟಾಫೇಸ್‌ಗೆ ದಾರಿಯಾಗುತ್ತದೆ.

ಪರೀಕ್ಷೆಯಲ್ಲಿ ಜಾರುವ ಜಾಗ ಒಂದಿದೆ. ವಿನಿಮಯ ನಡೆಯುವುದು ಪ್ಯಾಕಿಟೀನ್‌ನಲ್ಲಿ, ಅದರ ಗುರುತು ಕಣ್ಣಿಗೆ ಕಾಣುವುದು ಡಿಪ್ಲೊಟೀನ್‌ನಲ್ಲಿ. ಪ್ರಶ್ನೆಯಲ್ಲಿ ಕೇಳಿರುವುದು ಯಾವುದನ್ನು ಎಂದು ಎರಡು ಸಲ ಓದಿ.

ಮೊದಲ ಸುತ್ತಿನಲ್ಲಿ ನಕಲುಗಳು ಏಕೆ ಅಗಲುವುದಿಲ್ಲ? ಅವನ್ನು ಹಿಡಿದಿಡುವುದು ಯಾವುದು?

ಇದನ್ನು ಕೇಳುವವರು ಕಡಿಮೆ, ಕೇಳಿದವರಿಗೆ ಉತ್ತರ ಹೇಳುವುದೇ ಖುಷಿ. ಎಸ್ ಹಂತದಲ್ಲಿ ನಕಲು ಹುಟ್ಟಿದಾಗಲೇ ಎರಡು ಪ್ರತಿಗಳ ಸುತ್ತ ಕೊಹೆಸಿನ್ ಎಂಬ ಪ್ರೋಟೀನಿನ ಬಂಧ ಬೀಳುತ್ತದೆ. ಅನಾಫೇಸ್‌ಗೆ ಕಾಲ ಕೂಡಿದಾಗ ಸೆಪರೇಸ್ ಎಂಬ ಕಿಣ್ವ ಆ ಬಂಧವನ್ನು ಕತ್ತರಿಸುತ್ತದೆ. ಮೈಟಾಸಿಸ್‌ನಲ್ಲಿ ಅನಾಫೇಸ್ ಶುರುವಾಗುವಾಗ ಉಳಿದಿರುವ ಕೊಹೆಸಿನ್ ಎಲ್ಲವೂ ಕತ್ತರಿಸಿಹೋಗಿ ನಕಲುಗಳು ಬಿಡುಗಡೆಯಾಗುತ್ತವೆ.

ಮಿಯಾಸಿಸ್‌ನ ಮೊದಲ ಸುತ್ತಿನಲ್ಲಿ ಸೆಪರೇಸ್ ಕ್ರೋಮೋಸೋಮಿನ ತೋಳುಗಳ ಮೇಲಿನ ಕೊಹೆಸಿನ್ ಅನ್ನು ಮಾತ್ರ ಕತ್ತರಿಸುತ್ತದೆ. ಕಯಾಸ್ಮಗಳು ಗಟ್ಟಿಯಾಗಿ ನಿಂತಿದ್ದೇ ಆ ತೋಳಿನ ಬಂಧದ ಬಲದಿಂದ. ಅದು ಹೋದೊಡನೆ ಜೋಡಿಗಳು ಬಿಟ್ಟುಕೊಂಡು ಧ್ರುವಗಳ ಕಡೆಗೆ ಹೊರಡುತ್ತವೆ. ಸೆಂಟ್ರೋಮಿಯರ್ ಬಳಿಯ ಕೊಹೆಸಿನ್‌ಗೆ ಮಾತ್ರ ಶುಗೋಶಿನ್ ಎಂಬ ಇನ್ನೊಂದು ಪ್ರೋಟೀನ್ ಕಾವಲು ನಿಂತಿರುತ್ತದೆ, ಕಿಣ್ವ ಅದನ್ನು ಮುಟ್ಟಲಾಗುವುದಿಲ್ಲ. ಈ ಕಾವಲು ಎರಡನೇ ಸುತ್ತಿನಲ್ಲಿ ತೆರವಾಗುತ್ತದೆ, ಆಗ ನಕಲುಗಳೂ ಅಗಲುತ್ತವೆ. ಒಂದೇ ಬಂಧವನ್ನು ಎರಡು ಕಂತಿನಲ್ಲಿ ಬಿಚ್ಚುವುದರಿಂದಲೇ ಮಿಯಾಸಿಸ್‌ಗೆ ಎರಡು ಸುತ್ತು.

ಇನ್ನೂ ಒಂದು ವ್ಯವಸ್ಥೆ ಬೇಕು. ಮೊದಲ ಸುತ್ತಿನಲ್ಲಿ ಎರಡು ನಕಲುಗಳ ಸೆಂಟ್ರೋಮಿಯರ್‌ಗಳೂ ಒಂದೇ ಧ್ರುವದ ಕಡೆಗೆ ಮುಖ ಮಾಡಿರುತ್ತವೆ. ಮೈಟಾಸಿಸ್‌ನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಎದುರುಬದುರು ಧ್ರುವಗಳಿಗೆ ಮುಖ ಮಾಡುತ್ತವೆ. ಚಿತ್ರ ಬರೆಯುವಾಗ ಸ್ಪಿಂಡಲ್ ಎಳೆಗಳನ್ನು ಈ ಪ್ರಕಾರ ಎಳೆದವರಿಗೆ ವಿಷಯ ಅರ್ಥವಾಗಿದೆ ಎಂದು ನಾನು ತಿಳಿಯುತ್ತೇನೆ.

ಸ್ಲೈಡಿನಲ್ಲಿ ನೋಡಿದಾಗ ಯಾವುದು ಯಾವುದೆಂದು ಗುರುತಿಸುವುದು ಹೇಗೆ?

ಬೇರಿಗೆ ಈರುಳ್ಳಿ ಗಡ್ಡೆಯ ಒಣ ಬೇರುಗಳನ್ನು ಕತ್ತರಿಸಿ, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಮೇಲೆ ಕೂರಿಸಿ. ಕೆಲವು ದಿನಗಳಲ್ಲಿ ಬಿಳಿಯ ಬೇರುಗಳು ಇಳಿಯುತ್ತವೆ. ಬೆಳಗಿನ ಹೊತ್ತು ತುದಿಯ 2–3 ಮಿಲಿಮೀಟರ್ ಮಾತ್ರ ಕತ್ತರಿಸಿ, ಮೂರು ಪಾಲು ಆಲ್ಕೊಹಾಲ್, ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಒಂದು ದಿನ ಇಡಬೇಕು. ಆಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆದು ಮಾಡಿ, ಅಸಿಟೊಕಾರ್ಮಿನ್ ಬಣ್ಣ ಹಾಕಿ, ಕವರ್‌ಸ್ಲಿಪ್ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಒತ್ತುವಾಗ ಕವರ್‌ಸ್ಲಿಪ್ ಪಕ್ಕಕ್ಕೆ ಜಾರಿದರೆ ಕೋಶಗಳು ಸುರುಳಿ ಸುತ್ತಿಕೊಂಡು ಆ ಸ್ಲೈಡ್ ಕೆಲಸಕ್ಕೆ ಬಾರದು.

ಉದ್ದನೆಯ ಕೋಶಗಳಷ್ಟೇ ಕಂಡು, ಒಂದರಲ್ಲೂ ಕ್ರೋಮೋಸೋಮ್ ಕಾಣದಿದ್ದರೆ, ನೀವು ಕತ್ತರಿಸಿದ್ದು ತುದಿಯಲ್ಲ, ಮೇಲಿನ ಭಾಗ. ಸರಿಯಾದ ತುದಿಯಲ್ಲಿಯೂ ಬಹುಪಾಲು ಕೋಶಗಳು ಇಂಟರ್‌ಫೇಸ್‌ನಲ್ಲೇ ಇರುತ್ತವೆ. ಅದು ತಪ್ಪಲ್ಲ, ಕೋಶ ತನ್ನ ಹೆಚ್ಚಿನ ಹೊತ್ತನ್ನು ಅಲ್ಲಿಯೇ ಕಳೆಯುತ್ತದೆ.

ಮಿಯಾಸಿಸ್‌ಗೆ ಇನ್ನೂ ಅರಳದ ಚಿಕ್ಕ ಹಸಿರು ಮೊಗ್ಗುಗಳು ಬೇಕು. ಪರಾಗಕೋಶ ಹಳದಿಯಾಗಿದ್ದರೆ ಮಿಯಾಸಿಸ್ ಮುಗಿದು ಪರಾಗ ಸಿದ್ಧವಾಗಿದೆ ಎಂದರ್ಥ. ಒಂದೇ ಗೊಂಚಲಿನಲ್ಲಿ ಬೇರೆ ಬೇರೆ ವಯಸ್ಸಿನ ಮೊಗ್ಗುಗಳು ಇರುವುದರಿಂದ ನಾಲ್ಕಾರನ್ನು ನೋಡಿದರೆ ಹಲವು ಹಂತ ಸಿಗುತ್ತವೆ.

ಗುರುತು ಇಷ್ಟು: ಬೇರಿನ ಕೋಶಗಳು ಆಯತಾಕಾರದಲ್ಲಿ ಇಟ್ಟಿಗೆ ಜೋಡಿಸಿದಂತಿದ್ದು, ಮೆಟಾಫೇಸ್‌ನಲ್ಲಿ ಉದ್ದುದ್ದನೆಯ ಬಿಡಿ ಕ್ರೋಮೋಸೋಮ್‌ಗಳು ಕಾಣುತ್ತವೆ. ಪರಾಗ ಮಾತೃಕೋಶಗಳು ದುಂಡಗೆ ಬಿಡಿಬಿಡಿಯಾಗಿರುತ್ತವೆ, ಮೆಟಾಫೇಸ್ 1ರಲ್ಲಿ 8 ಗಿಡ್ಡ ಮುದ್ದೆಗಳು, ಕೆಲವು ಉಂಗುರದ ಆಕಾರದಲ್ಲಿ. ಒಂದೇ ಹೊದಿಕೆಯೊಳಗೆ ನಾಲ್ಕು ಕೋಶ ಕಂಡರೆ ಅದು ಟೆಟ್ರಾಡ್, ಮಿಯಾಸಿಸ್ ಮುಗಿದ ಸಾಕ್ಷಿ.

ಅಗಲಿಕೆ ತಪ್ಪಿದರೆ ಏನಾಗುತ್ತದೆ?

ನಾನ್‌ಡಿಸ್‌ಜಂಕ್ಷನ್ ಎನ್ನುತ್ತಾರೆ. ಯಾವ ಸುತ್ತಿನಲ್ಲಿ ತಪ್ಪಿತು ಎಂಬುದನ್ನು ನಾಲ್ಕು ಕೋಶಗಳ ಲೆಕ್ಕವೇ ಹೇಳುತ್ತದೆ. ಈರುಳ್ಳಿಯಲ್ಲಿ ಮೊದಲ ಸುತ್ತಿನಲ್ಲಿ ಒಂದು ಜೋಡಿ ಬಿಡಿಸಿಕೊಳ್ಳದೆ ಎರಡೂ ಒಂದೇ ಕಡೆಗೆ ಹೋಯಿತು ಎನ್ನಿ. ಒಂದು ಕೋಶಕ್ಕೆ 9, ಇನ್ನೊಂದಕ್ಕೆ 7. ಎರಡನೇ ಸುತ್ತು ಸರಿಯಾಗಿಯೇ ನಡೆದರೂ ಕೊನೆಯ ನಾಲ್ಕು: 9, 9, 7, 7. ಸರಿಯಾದದ್ದು ಒಂದೂ ಇಲ್ಲ. ಮೊದಲ ಸುತ್ತು ಸರಿಯಾಗಿ ನಡೆದು, ಎರಡನೆಯದರಲ್ಲಿ ಒಂದು ಕೋಶದಲ್ಲಿ ಮಾತ್ರ ನಕಲುಗಳು ಅಗಲದಿದ್ದರೆ: 8, 8, 9, 7. ಅರ್ಧದಷ್ಟು ಉಳಿದುಕೊಂಡವು.

ಮನುಷ್ಯರಲ್ಲಿ 21ನೇ ಕ್ರೋಮೋಸೋಮ್ ಮೂರು ಪ್ರತಿಯಾಗಿ ಒಟ್ಟು 47 ಆದಾಗ ಡೌನ್ ಸಿಂಡ್ರೋಮ್ ಉಂಟಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಈ ತಪ್ಪು ಅಂಡಾಣು ರೂಪುಗೊಳ್ಳುವಾಗ, ಮೊದಲ ಸುತ್ತಿನಲ್ಲಿ ಆಗಿರುತ್ತದೆ. ಹೆಣ್ಣು ಮಗು ಹುಟ್ಟುವ ಮುಂಚೆಯೇ ಅದರ ಅಂಡಕೋಶಗಳು ಡಿಪ್ಲೊಟೀನ್‌ಗೆ ಬಂದು ನಿಂತುಬಿಡುತ್ತವೆ, ಮುಂದುವರಿಯುವುದು ಎಷ್ಟೋ ವರ್ಷಗಳ ಮೇಲೆ. ಅಷ್ಟು ಕಾಲ ಕೊಹೆಸಿನ್ ಬಂಧ ಗಟ್ಟಿಯಾಗಿ ಉಳಿಯುವುದು ಕಷ್ಟ. ತಾಯಿಯ ವಯಸ್ಸು ಹೆಚ್ಚಿದಂತೆ ಈ ಸಾಧ್ಯತೆ ಹೆಚ್ಚಲು ಇದೊಂದು ಕಾರಣ.

ಕ್ರಾಸಿಂಗ್ ಓವರ್ ಇಲ್ಲದೆ ಮಿಯಾಸಿಸ್ ನಡೆಯುವುದುಂಟೇ?

ಉಂಟು, ನಮ್ಮ ಪಕ್ಕದಲ್ಲೇ. ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ರೇಷ್ಮೆಗೂಡಿನ ಹುಳುವಿಗೆ 56 ಕ್ರೋಮೋಸೋಮ್, 28 ಜೋಡಿ. ಗಂಡಿನಲ್ಲಿ ಕ್ರಾಸಿಂಗ್ ಓವರ್ ನಡೆಯುತ್ತದೆ, ಹೆಣ್ಣಿನಲ್ಲಿ ನಡೆಯುವುದಿಲ್ಲ. ಕಯಾಸ್ಮವೇ ಇಲ್ಲದ ಮೇಲೆ ಜೋಡಿಯನ್ನು ಮೆಟಾಫೇಸ್‌ವರೆಗೆ ಹಿಡಿದಿಡುವುದು ಯಾವುದು? ಸಿನಾಪ್ಟೋನೀಮಲ್ ಕಾಂಪ್ಲೆಕ್ಸ್ ಕಳಚದೆ, ರೂಪ ಬದಲಿಸಿಕೊಂಡು ಅಲ್ಲಿಯವರೆಗೂ ಉಳಿದು ಆ ಕೆಲಸ ಮಾಡುತ್ತದೆ. ಐದು ಪದಗಳಲ್ಲಿ ‘ಪಾಲು’ ಇಲ್ಲಿ ಲೆಕ್ಕಕ್ಕಿಲ್ಲ. ಪರೀಕ್ಷೆಗೆ ಇದು ಬೇಕಿಲ್ಲ.

ಪಚ್ಚಬಾಳೆಯಲ್ಲಿ ಬೀಜ ಏಕಿಲ್ಲ?

ಅದಕ್ಕೆ 11ರ ಮೂರು ಗುಂಪು, ಒಟ್ಟು 33 ಕ್ರೋಮೋಸೋಮ್. ಮೂವರು ಇದ್ದಲ್ಲಿ ಸರಿಯಾದ ಜೋಡಿ ಕೂಡುವುದಿಲ್ಲ, ಮಿಯಾಸಿಸ್ ಕೆಡುತ್ತದೆ, ಗಟ್ಟಿ ಬೀಜ ಬೆಳೆಯದಿರಲು ಇದು ಮುಖ್ಯ ಕಾರಣಗಳಲ್ಲೊಂದು. ಮೈಟಾಸಿಸ್‌ಗೆ ಜೋಡಿಯ ಹಂಗಿಲ್ಲ, 33ಕ್ಕೆ 33 ನಕಲು ಮಾಡಿ ಹಂಚುತ್ತದೆ. ಆದ್ದರಿಂದ ಕಂದಿನಿಂದ ತೋಟ ಬೆಳೆಯುತ್ತದೆ.

ಈ ಹೆಸರುಗಳನ್ನು ಇಟ್ಟವರು ಯಾರು? ಒಂದು ಅಂಕಕ್ಕೆ ಕೇಳುತ್ತಾರೆ.

ಮೈಟಾಸಿಸ್: ವಾಲ್ಟರ್ ಫ್ಲೆಮಿಂಗ್, 1882. ಮಿಯಾಸಿಸ್: ಫಾರ್ಮರ್ ಮತ್ತು ಮೂರ್, 1905.

ಲೆಕ್ಕದ ಪ್ರಶ್ನೆ ಬಂದರೆ ಹೇಗೆ ಬಿಡಿಸುವುದು?

ಕೋಲಾರದವರಿಗೆ ಟೊಮೆಟೊ ಲೆಕ್ಕವೇ ಇರಲಿ. ದೇಹಕೋಶದಲ್ಲಿ 24 ಕ್ರೋಮೋಸೋಮ್. ಅನಾಫೇಸ್ 1ರಲ್ಲಿ ಒಂದು ಧ್ರುವದ ಕಡೆ ಎಷ್ಟು ಕ್ರೋಮೋಸೋಮ್, ಎಷ್ಟು ಕ್ರೊಮ್ಯಾಟಿಡ್? ಅನಾಫೇಸ್ 2ರಲ್ಲಿ ಒಂದು ಧ್ರುವದ ಕಡೆ ಎಷ್ಟು?

ಮೊದಲು ಕೇಳಿಕೊಳ್ಳಿ: ಅಗಲಿಕೆ ಯಾರದು? ಅನಾಫೇಸ್ 1ರಲ್ಲಿ ಜೋಡಿಗಳದು. 12 ಜೋಡಿ, ಆದ್ದರಿಂದ ಒಂದು ಧ್ರುವಕ್ಕೆ 12 ಕ್ರೋಮೋಸೋಮ್. ನಕಲುಗಳು ಇನ್ನೂ ಜೊತೆಗಿವೆ, ಹಾಗಾಗಿ 24 ಕ್ರೊಮ್ಯಾಟಿಡ್. ಅನಾಫೇಸ್ 2ರಲ್ಲಿ ಅಗಲಿಕೆ ನಕಲುಗಳದು: ಒಂದು ಧ್ರುವಕ್ಕೆ 12 ಕ್ರೋಮೋಸೋಮ್, ಅವು ಬಿಡಿ ನಕಲುಗಳೇ ಆದ್ದರಿಂದ ಡಿಎನ್ಎ ಪ್ರಮಾಣ ಅನಾಫೇಸ್ 1ರ ಒಂದು ಧ್ರುವದಲ್ಲಿದ್ದುದರ ಅರ್ಧ. ಇದೇ ಗಿಡದ ಬೇರಿನ ಕೋಶದಲ್ಲಿ ಮೈಟಾಸಿಸ್‌ನ ಅನಾಫೇಸ್ ಕೇಳಿದರೆ ಒಂದು ಧ್ರುವಕ್ಕೆ 24, ಕೋಶದಲ್ಲಿ ಒಟ್ಟು 48.